ಸೆಕೆಂಡ್ ಹ್ಯಾಂಡ್ ಐ20, ಕೈಯಲ್ಲಿ ಒಂದೇ ಕೀ: ಎರಡನೇ ಕೀ ಮಾಡಿಸೋಕೆ ಏನೇನು ಬೇಕು?

ನಾಪೋಕ್ಲು ತೋಟದವ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಒಬ್ಬರ ಹತ್ತಿರ 2013ರ ಹ್ಯುಂಡೈ ಐ20 ಪೆಟ್ರೋಲ್ ತಗೊಂಡೆ. ಗಾಡಿ ಚೆನ್ನಾಗಿದೆ. ಆದರೆ ಕೊಟ್ಟಿದ್ದು ಒಂದೇ ಕೀ. ಇನ್ನೊಂದು ಮನೆ ಬದಲಾಯಿಸುವಾಗ ಎಲ್ಲೋ ಹೋಯಿತಂತೆ.

ನಮ್ಮದು ರೋಡಿನಿಂದ ಒಳಗೆ ಇರುವ ತೋಟ. ಇರೋ ಒಂದು ಕೀ ಕಾಫಿ ಗಿಡದ ಬುಡದಲ್ಲಿ ಬಿದ್ದರೆ ಮುಗೀತು, ಆ ಎಲೆರಾಶಿಯಲ್ಲಿ ಹುಡುಕಿದ ಹಾಗೇ. ಅದಕ್ಕೆ ಪೇಟೆಯ ಕೀ ಅಂಗಡಿಯಲ್ಲಿ ಒಂದು ನಕಲಿ ಕೊರೆಸಿದೆ. ಅದರಲ್ಲಿ ಬಾಗಿಲು ತೆಗೆಯುತ್ತದೆ. ಇಗ್ನಿಷನ್ ತಿರುಗುತ್ತದೆ. ಸೆಲ್ಫ್ ಹೊಡೆಯುತ್ತದೆ. ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಮೀಟರಿನಲ್ಲಿ ಕೀ ಚಿತ್ರದ ದೀಪ ಮಿಣುಕುತ್ತಾ ಇರುತ್ತದೆ. ಹಳೇ ಕೀ ಹಾಕಿದರೆ ಒಂದೇ ಏಟಿಗೆ ಸ್ಟಾರ್ಟ್.

ಚಿಕ್ಕಪ್ಪನ ಮಗನ ಹತ್ತಿರ ಗುಜರಿಗೆ ಹೋದ ಇನ್ನೊಂದು ಐ20ಯ ಒರಿಜಿನಲ್ ಕೀ ಇದೆ, ಚಿಪ್ ಸಮೇತ. ಅದರ ಬ್ಲೇಡ್ ಬದಲಾಯಿಸಿ ನಮ್ಮ ಗಾಡಿಗೆ ಹೊಂದಿಸಬಹುದಾ? ಗೊತ್ತಿರೋರು ಹೇಳಿ.

ಸುಂಟಿಕೊಪ್ಪ ಅಕ್ಕ

ನಮ್ಮ ಗಾಡಿಯಲ್ಲೂ ಹೀಗೇ ಆಗಿತ್ತು. ಕೀ ಒಳಗಿನ ಬ್ಯಾಟರಿ ಬದಲಾಯಿಸಿ ನೋಡಿ. ಗಡಿಯಾರದ ಅಂಗಡಿಯಲ್ಲಿ ಸಿಗುವ ಗುಂಡಗಿನ ಸೆಲ್. ಹಾಕಿದ ತಕ್ಷಣ ಲಾಕ್ ಸರಿ ಹೋಯಿತು.

ನಾಪೋಕ್ಲು ತೋಟದವ

ಅಕ್ಕಾ, ನಾನು ಕೊರೆಸಿದ ಕೀಯಲ್ಲಿ ಬ್ಯಾಟರಿನೇ ಇಲ್ಲ. ಬರೀ ಕಬ್ಬಿಣ, ಮೇಲೆ ಪ್ಲಾಸ್ಟಿಕ್.

ಟರ್ಬೊ ಹುಡುಗ

ಗುರು, ಇದಕ್ಕೆಲ್ಲ ದುಡ್ಡು ಕೊಡಬೇಡ. ಹಳೇ ಕೀ ಹಾಕಿ ಆನ್ ಮಾಡು, ತೆಗಿ. ಹತ್ತು ಸೆಕೆಂಡ್ ಒಳಗೆ ಹೊಸ ಕೀ ಹಾಕಿ ಆನ್ ಮಾಡು. ಗಾಡಿ ತಾನೇ ಕಲಿತುಕೊಳ್ಳುತ್ತದೆ. ವಿಡಿಯೋ ಎಷ್ಟು ಬೇಕಾದರೂ ಇದೆ. ಗುಜರಿ ಕೀ ಇದ್ದರೆ ಇನ್ನೂ ಒಳ್ಳೇದು, ಚಿಪ್ ಒರಿಜಿನಲ್ ಅಲ್ವಾ.

ಕುಶಾಲನಗರ ಕೀ ಕೆಲಸ

ನಾನು ಕಾರ್ ಕೀ ಕೆಲಸನೇ ಮಾಡುವವನು. ಒಂದೊಂದಾಗಿ ಹೇಳುತ್ತೇನೆ.

ತೋಟದವರೇ, ನೀವು ಕೊರೆಸಿದ್ದು ಅರ್ಧ ಕೀ. ಕಬ್ಬಿಣದ ಭಾಗ ಬೀಗಕ್ಕೆ ಉತ್ತರ ಕೊಡುತ್ತದೆ, ಅಷ್ಟೇ. ಎಂಜಿನ್ನಿಗೆ ಉತ್ತರ ಕೊಡುವುದು ಕೀ ತಲೆಯೊಳಗೆ ಕೂತಿರುವ ಚಿಪ್. ಇಗ್ನಿಷನ್ ಬೀಗದ ಬಾಯಿಗೆ ಸುತ್ತಲೂ ಒಂದು ಪ್ಲಾಸ್ಟಿಕ್ ಬಳೆ ಇದೆ. ಅದರೊಳಗೆ ತಂತಿಯ ಸುರುಳಿ. ನೀವು ಕೀ ಆನ್ ಮಾಡಿದ ಕೂಡಲೇ ಆ ಸುರುಳಿ 125 ಕಿಲೋಹರ್ಟ್ಸ್‌ನಲ್ಲಿ ಅಲೆ ಬಿಡುತ್ತದೆ. ಚಿಪ್ಪಿಗೆ ಕರೆಂಟ್ ಬರುವುದೂ ಅದರಿಂದಲೇ. ಅದಕ್ಕೇ ಬ್ಯಾಟರಿ ಬೇಡ. ಅಕ್ಕ ಹೇಳಿದ ಬ್ಯಾಟರಿ ಬಾಗಿಲ ಲಾಕ್ ರಿಮೋಟಿಗೆ. ರಿಮೋಟ್ ಬೇರೆ, ಚಿಪ್ ಬೇರೆ. ಒಂದೇ ಕೀಯೊಳಗೆ ಇರುವುದರಿಂದ ಎಲ್ಲರಿಗೂ ಗೊಂದಲ. ರಿಮೋಟ್ ಬ್ಯಾಟರಿ ಪೂರ್ತಿ ಸತ್ತರೂ ಇವರ ಗಾಡಿ ಸ್ಟಾರ್ಟ್ ಆಗುತ್ತದೆ.

ಚಿಪ್ ಎದ್ದ ಮೇಲೆ ಎಂಜಿನ್ ಕಂಪ್ಯೂಟರ್ ಅದಕ್ಕೆ ಒಂದು ಸಂಖ್ಯೆ ಕಳಿಸುತ್ತದೆ. ಪ್ರತಿ ಸಲ ಬೇರೆ ಸಂಖ್ಯೆ. ಚಿಪ್ ತನ್ನೊಳಗಿನ ಗುಟ್ಟಿನ ಜೊತೆ ಸೇರಿಸಿ ಲೆಕ್ಕ ಹಾಕಿ ಉತ್ತರ ಕೊಡಬೇಕು. ಉತ್ತರ ಸರಿ ಇದ್ದರೆ ಪೆಟ್ರೋಲ್ ಮತ್ತು ಸ್ಪಾರ್ಕ್ ಬಿಡುತ್ತದೆ. ಇಲ್ಲದಿದ್ದರೆ ಸೆಲ್ಫ್ ಹೊಡೆಯುತ್ತಲೇ ಇರುತ್ತದೆ, ಎಂಜಿನ್ ಹಿಡಿಯಲ್ಲ. ನಿಮಗೆ ಆಗಿದ್ದು ಇದೇ. ದೀಪ ಮಿಣುಕುವುದೂ ಇದಕ್ಕೇ.

ಟರ್ಬೊ ಅವರು ಹೇಳಿದ ಆನ್-ಆಫ್ ಉಪಾಯ ಸುಳ್ಳಲ್ಲ. ಕೆಲವು ಫೋರ್ಡ್ ಗಾಡಿಗಳಲ್ಲಿ ನಡೆಯುತ್ತದೆ. ಅಲ್ಲೂ ಒಂದು ಕೀ ಸಾಲದು, ಮೊದಲೇ ಕಲಿತ ಎರಡು ಕೀ ಕೈಯಲ್ಲಿರಬೇಕು. ಆಗ ಮೂರನೆಯದು ಸೇರಿಸಬಹುದು. ಐ20ಯಲ್ಲಿ ಈ ಆಟ ನಡೆಯುವುದಿಲ್ಲ. ವಿಡಿಯೋಗಳಲ್ಲಿ ತೋರಿಸುವುದು ಜಾಸ್ತಿ ಪಾಲು ರಿಮೋಟ್ ಜೋಡಣೆ. ಬಾಗಿಲು ಟಕ್ ಅಂದ ಕೂಡಲೇ ಎಲ್ಲ ಮುಗೀತು ಅಂದುಕೊಳ್ಳುತ್ತಾರೆ.

ಗುಜರಿ ಕೀ ವಿಷಯ ದೊಡ್ಡದು. ಊಟ ಮಾಡಿ ಬಂದು ಬರೆಯುತ್ತೇನೆ.

ಹಳೇ ಜೀಪು

ನಮ್ಮ ಜೀಪಿಗೆ ಇದ್ಯಾವ ತಲೆನೋವೂ ಇಲ್ಲಪ್ಪ. ಸ್ಕ್ರೂಡ್ರೈವರ್ ಹಾಕಿದರೂ ತಿರುಗುತ್ತದೆ.

ಟರ್ಬೊ ಹುಡುಗ

ಕಳ್ಳನಿಗೂ ತಿರುಗುತ್ತೆ ತಾತಾ 😀

ಹಳೇ ಜೀಪು

ಕದ್ದರೂ ಮುಂದಿನ ಏರು ಹತ್ತಲ್ಲ ಮಗಾ. ಅದೇ ನಮ್ಮ ಸೆಕ್ಯೂರಿಟಿ.

ಕುಶಾಲನಗರ ಕೀ ಕೆಲಸ

ಬಂದೆ. ಗುಜರಿ ಕೀ.

ಅಂಗಡಿಗೆ ಹೊಸದಾಗಿ ಬರುವ ಕೀಯ ಚಿಪ್ ಖಾಲಿ ಇರುತ್ತದೆ. ನಾವು ವರ್ಜಿನ್ ಕೀ ಅನ್ನುತ್ತೇವೆ. ಗಾಡಿಗೆ ಕಲಿಸುವಾಗ ಎರಡು ಕೆಲಸ ನಡೆಯುತ್ತದೆ. ಎಂಜಿನ್ ಕಂಪ್ಯೂಟರ್ ತನ್ನ ನೆನಪಿನಲ್ಲಿ ಕೀಯ ವಿವರ ಬರೆದುಕೊಳ್ಳುತ್ತದೆ. ಹಾಗೇ ಕೀಯ ಚಿಪ್ಪಿನೊಳಗೂ ಈ ಗಾಡಿಯ ಗುಟ್ಟನ್ನು ಬರೆಯುತ್ತದೆ. ಬರೆದ ಮೇಲೆ ಬೀಗ. ಆ ಚಿಪ್ಪಿನಲ್ಲಿರುವುದನ್ನು ಇನ್ನೊಂದು ಗಾಡಿ ಅಳಿಸಿ ಬರೆಯಲಾರದು. ನಿಮ್ಮ ಚಿಕ್ಕಪ್ಪನ ಮಗನ ಕೀ ಗುಜರಿಗೆ ಹೋದ ಗಾಡಿಯ ಗುಟ್ಟನ್ನೇ ಹೊತ್ತುಕೊಂಡು ಕೂತಿದೆ. ಒರಿಜಿನಲ್ ಆಗಿರುವುದೇ ಇಲ್ಲಿ ತೊಂದರೆ. ಅದನ್ನು ನಿಮ್ಮ ಗಾಡಿಗೆ ಕಲಿಸಲು ಹೋದರೆ ಸ್ಕ್ಯಾನರಿನಲ್ಲಿ P1674 ತರಹದ ಕೋಡ್ ಬರುತ್ತದೆ. ಚಿಪ್ಪಿನ ಸ್ಥಿತಿ ಸರಿಯಿಲ್ಲ ಅಂತ ಅದರ ಅರ್ಥ. ಗಾಡಿ ಹಾಳಾಗುವುದಿಲ್ಲ, ಕೀ ಸೇರುವುದಿಲ್ಲ ಅಷ್ಟೇ.

ನಿಮ್ಮ ನಕಲಿಯಲ್ಲಿ ಚಿಪ್ಪೇ ಇಲ್ಲ. ಅದಕ್ಕೆ ಬರುವ ಕೋಡ್ ಬೇರೆ, P1693. ಚಿಪ್ ಉತ್ತರ ಕೊಡಲಿಲ್ಲ ಅಥವಾ ಕೊಟ್ಟ ಉತ್ತರ ಸರಿಯಿಲ್ಲ ಅಂತ. ಒಳ್ಳೇ ಕೀಗೂ ಒಮ್ಮೊಮ್ಮೆ ದೀಪ ಮಿಣುಕಿ P1691 ಬಂದರೆ ಆಗ ಕೀ ಮೇಲೆ ಅನುಮಾನ ಪಡಬೇಡಿ. ಆ ಬಳೆಯನ್ನು, ಅದರ ಕನೆಕ್ಟರನ್ನು ನೋಡಿ. ನಮ್ಮ ಮಳೆಗಾಲದಲ್ಲಿ ಕನೆಕ್ಟರ್ ಪಿನ್ ಹಸಿರುಗಟ್ಟಿದ್ದನ್ನು ನಾನು ನೋಡಿದ್ದೇನೆ.

ನಾಪೋಕ್ಲು ತೋಟದವ

ಚೆನ್ನಾಗಿ ಅರ್ಥ ಆಯಿತು. ಹಾಗಾದರೆ ಹೊಸ ಖಾಲಿ ಕೀ ತಂದು ನಿಮ್ಮ ಹತ್ತಿರ ಬಂದರೆ ಸಾಕಾ? ಇರುವ ಕೀ ಹೆಂಡತಿ ಹತ್ತಿರ ಬಿಟ್ಟು ಬರಬಹುದಾ? ಅವಳು ವಿರಾಜಪೇಟೆಯಲ್ಲಿ ಕೆಲಸಕ್ಕೆ ಹೋಗುತ್ತಾಳೆ.

ಟರ್ಬೊ ಹುಡುಗ

ಕೀ ಬಿಟ್ಟು ಬಂದರೆ ಗಾಡಿ ಹೇಗೆ ತರುತ್ತೀರಿ ಸಾರ್?

ನಾಪೋಕ್ಲು ತೋಟದವ

ತಂದು ನಿಲ್ಲಿಸಿ, ಕೀ ಅವಳ ಕೈಯಲ್ಲಿ ಕೊಟ್ಟು ಕಳಿಸುವುದು ಅಂತ. ನಾನು ಸರಿಯಾಗಿ ಬರೆಯಲಿಲ್ಲ.

ಕುಶಾಲನಗರ ಕೀ ಕೆಲಸ

ಹಾಗೆ ಮಾಡಲೇಬೇಡಿ. ಈ ಗಾಡಿಯಲ್ಲಿ ಜನ ಹೆಚ್ಚು ಬೀಳುವುದು ಇದೇ ಗುಂಡಿಗೆ.

ಕೀ "ಸೇರಿಸುವುದು" ಅಂತ ನಾವು ಬಾಯಿಮಾತಿಗೆ ಹೇಳುತ್ತೇವೆ. ಈ ಗಾಡಿ ಸೇರಿಸುವುದಿಲ್ಲ. ಕಲಿಸಲು ಶುರು ಮಾಡಿದಾಗ ಹಳೇ ಪಟ್ಟಿ ಅಳಿಸಿ ಹೊಸ ಪಟ್ಟಿ ಬರೆಯುತ್ತದೆ. ಆ ಹೊತ್ತಿನಲ್ಲಿ ಯಾವ ಯಾವ ಕೀ ತೋರಿಸುತ್ತೀರೋ ಅವಕ್ಕೆ ಮಾತ್ರ ಜಾಗ. ತೋರಿಸದೇ ಇದ್ದದ್ದು ಹೊರಗೆ. ನೀವು ಹೊಸ ಕೀ ಒಂದನ್ನೇ ಕಲಿಸಿ ಮನೆಗೆ ಹೋದರೆ ನಿಮ್ಮ ಮನೆಯವರ ಕೈಯಲ್ಲಿರುವ ಕೀ ಬಾಗಿಲಷ್ಟೇ ತೆಗೆಯುತ್ತದೆ. ಆ ಕೀ ಸತ್ತುಹೋಗಿರುವುದಿಲ್ಲ. ಅದರೊಳಗೆ ಇದೇ ಗಾಡಿಯ ಗುಟ್ಟು ಇರುವುದರಿಂದ ಮತ್ತೆ ಬಂದರೆ ಮತ್ತೆ ಸೇರಿಸಬಹುದು. ಆದರೆ ಇನ್ನೊಂದು ಸಲದ ಓಡಾಟ, ಇನ್ನೊಂದು ಸಲದ ದುಡ್ಡು.

ಆದ್ದರಿಂದ ಮನೆಯಲ್ಲಿರುವ ಎಲ್ಲ ಕೀ ತನ್ನಿ. ಜೊತೆಗೆ ಆರ್‌ಸಿ, ನಿಮ್ಮ ಗುರುತಿನ ಚೀಟಿ. ಆರ್‌ಸಿ ನಿಮ್ಮ ಹೆಸರಿಗೆ ಆಗಿಲ್ಲದಿದ್ದರೆ ಮೊದಲು ಅದು ಮಾಡಿಸಿ. ಅದಿಲ್ಲದೆ ನಾನು ಮುಟ್ಟುವುದಿಲ್ಲ. ಪರಿಚಯದವರಾದರೂ ಅಷ್ಟೇ.

ಮತ್ತೆ ಪಿನ್. ಆರು ಅಂಕಿ. ಸ್ಕ್ಯಾನರ್ ಅದನ್ನು ಕೇಳುತ್ತದೆ. ಗಾಡಿಯ ಚಾಸಿ ನಂಬರ್ ಮತ್ತು ದಾಖಲೆ ತೋರಿಸಿ ಕಂಪನಿ ಡೀಲರ್ ಮೂಲಕ ತರಿಸಿಕೊಳ್ಳಬೇಕು. ಹಳೇ ಮಾಲೀಕರ ಹತ್ತಿರ ಹೊಸ ಗಾಡಿ ಜೊತೆ ಬಂದ ಸಣ್ಣ ಕೀ ನಂಬರ್ ಬಿಲ್ಲೆ ಇದೆಯಾ ಕೇಳಿ. ಅದು ಪಿನ್ ಅಲ್ಲ, ಬ್ಲೇಡ್ ಕೊರೆಯುವ ನಂಬರ್. ಸವೆದ ಕೀ ನೋಡಿ ಕೊರೆದರೆ ನಕಲಿಯೂ ಸವೆದದ್ದೇ ಬರುತ್ತದೆ. ಆ ನಂಬರ್ ಇದ್ದರೆ ಹೊಸದಾಗಿ ಇದ್ದ ಹಾಗೆ ಕೊರೆಯಬಹುದು.

ಅಮ್ಮತ್ತಿ ಎಲೆಕ್ಟ್ರಿಷಿಯನ್

ಇಷ್ಟೆಲ್ಲ ಬೇಕಾ? ನಾನು ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಆ ವರ್ಷದ ಗಾಡಿಗಳಲ್ಲಿ ಬರುವುದು 46 ನಂಬರ್ ಚಿಪ್. ಕ್ಲೋನ್ ಆಗುತ್ತದೆ. ಇರುವ ಕೀಯನ್ನು ಮಿಷನ್ನಿಗೆ ಇಟ್ಟು, ಅದೇ ಉತ್ತರ ಕೊಡುವ ಇನ್ನೊಂದು ಚಿಪ್ ಮಾಡಿದರೆ ಮುಗೀತು. ಪಿನ್ ಬೇಡ, ಡೀಲರ್ ಬೇಡ, ಗಾಡಿಯ ಕಂಪ್ಯೂಟರ್ ಮುಟ್ಟುವುದೂ ಬೇಡ. ನಾಪೋಕ್ಲಿನಿಂದ ಕುಶಾಲನಗರದವರೆಗೆ ಹೋಗುವುದು ಯಾಕೆ ಸುಮ್ನೆ?

ಕುಶಾಲನಗರ ಕೀ ಕೆಲಸ

ಕ್ಲೋನ್ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ನಾನೂ ಮಾಡಿದ್ದೇನೆ. ಆದರೆ ಗಾಡಿಯ ಲೆಕ್ಕದಲ್ಲಿ ಆಗಲೂ ಒಂದೇ ಕೀ. ಎರಡರಲ್ಲಿ ಯಾವುದು ಹಾಕಿದರೂ ಅದೇ ಕೀ ಬಂತು ಅಂದುಕೊಳ್ಳುತ್ತದೆ. ನಾಳೆ ಒಂದು ಕಳೆದುಹೋಯಿತು ಅಂತಿಟ್ಟುಕೊಳ್ಳಿ. ಕಳೆದದ್ದನ್ನು ಮಾತ್ರ ಪಟ್ಟಿಯಿಂದ ತೆಗೆಯಲು ಆಗುವುದಿಲ್ಲ. ಅದನ್ನು ತೆಗೆದರೆ ನಿಮ್ಮ ಕೈಯಲ್ಲಿರುವುದೂ ಹೋಗುತ್ತದೆ.

ಇವರ ವಿಷಯದಲ್ಲಿ ಇನ್ನೊಂದಿದೆ. ಇದು ಸೆಕೆಂಡ್ ಹ್ಯಾಂಡ್ ಗಾಡಿ. ಹಳೇ ಮಾಲೀಕರ ಇನ್ನೊಂದು ಕೀ ಎಲ್ಲಿದೆ ಗೊತ್ತಿಲ್ಲ. ಅದು ಯಾರದ್ದಾದರೂ ಡ್ರಾಯರಿನಲ್ಲಿ ಇರಬಹುದು, ಬೇರೆಯವರ ಜೇಬಿನಲ್ಲೂ ಇರಬಹುದು. ಕ್ಲೋನ್ ಮಾಡಿದರೆ ಆ ಕೀ ಇವತ್ತೂ ಗಾಡಿ ಸ್ಟಾರ್ಟ್ ಮಾಡುತ್ತದೆ. ಹೊಸದಾಗಿ ಪಟ್ಟಿ ಬರೆದರೆ ಮಾಡುವುದಿಲ್ಲ. ಪಟ್ಟಿ ಅಳಿಯುವುದು ಇವರಿಗೆ ತೊಂದರೆ ಅಲ್ಲ, ಲಾಭ.

ಅಮ್ಮತ್ತಿ ಎಲೆಕ್ಟ್ರಿಷಿಯನ್

ಸೆಕೆಂಡ್ ಹ್ಯಾಂಡ್ ಅನ್ನುವ ಮಾತು ಒಪ್ಪಿದೆ. ಆದರೆ ಒಬ್ಬನೇ ಮಾಲೀಕ, ಒಂದು ಸ್ಪೇರ್ ಬೇಕು ಅಷ್ಟೇ ಅನ್ನುವವರಿಗೆ ಕ್ಲೋನೇ ಸುಲಭ. ಪಿನ್ ತಪ್ಪಾದರೆ ಆಗುವ ರಗಳೆ ಇಲ್ಲ. ನಮ್ಮ ಕಡೆ ಒಬ್ಬರು ಬೇರೆ ಊರಲ್ಲಿ ಯಾರ ಹತ್ತಿರವೋ ಮಾಡಿಸಲು ಹೋಗಿ ಸಂಜೆವರೆಗೂ ಮಳೆಯಲ್ಲಿ ಕೂತಿದ್ದರು. ಆತ ಮೂರು ಸಲ ತಪ್ಪು ಪಿನ್ ಒತ್ತಿದ್ದ.

ಟರ್ಬೊ ಹುಡುಗ

ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೆ ರೀಸೆಟ್ ಆಗುತ್ತಿತ್ತಲ್ಲ!

ಅಮ್ಮತ್ತಿ ಎಲೆಕ್ಟ್ರಿಷಿಯನ್

ಅದನ್ನೇ ಮಾಡಿದ್ದು ಆತ. ಮತ್ತೆ ಮತ್ತೆ.

ಕುಶಾಲನಗರ ಕೀ ಕೆಲಸ

ಅದಕ್ಕೇ ಸಂಜೆ ಆಗಿದ್ದು. ಮೂರು ಸಲ ತಪ್ಪು ಪಿನ್ ಹೋದರೆ ಕಂಪ್ಯೂಟರ್ ಒಂದು ಗಂಟೆ ಕೀ ಕಲಿಸಲು ಬಿಡುವುದಿಲ್ಲ. ಬ್ಯಾಟರಿ ಬಿಚ್ಚಿದರೆ ಆ ಗಂಟೆ ಕಡಿಮೆಯಾಗುವುದಿಲ್ಲ. ಬದಲಿಗೆ ಮತ್ತೆ ಹಾಕಿದಾಗ ಗಂಟೆ ಮೊದಲಿನಿಂದ ಶುರು. ಐವತ್ತು ನಿಮಿಷ ಕಾದು ತಾಳ್ಮೆ ಕೆಟ್ಟು ಟರ್ಮಿನಲ್ ಬಿಚ್ಚಿದರೆ ಆ ಐವತ್ತೂ ನೀರಿಗೆ. ಸುಮ್ಮನೆ ಕಾಫಿ ಕುಡಿದು ಬರುವುದು ಒಳ್ಳೇದು. ಈ ತಡೆ ಇರುವುದು ಕಲಿಸುವ ಕೆಲಸಕ್ಕೆ ಮಾತ್ರ, ಹಳೇ ಕೀಯಲ್ಲಿ ಗಾಡಿ ಸ್ಟಾರ್ಟ್ ಆಗುವುದಕ್ಕೆ ಅಲ್ಲ.

ಒಂದು ಸಲ ತಪ್ಪಾದರೆ ಅಲ್ಲೇ ನಿಲ್ಲಿಸಿ ಪಿನ್ ಮತ್ತೆ ಖಚಿತ ಮಾಡಿಕೊಳ್ಳಬೇಕು. ಊಹೆ ಮಾಡಿ ಒತ್ತುವವನ ಕೈಗೆ ಗಾಡಿ ಕೊಡಬೇಡಿ.

ಗೋಣಿಕೊಪ್ಪ ಮೇಷ್ಟ್ರು

ಒಂದು ಪ್ರಶ್ನೆ. ಗಾಡಿ ಕಳುವಾದರೆ ಇನ್ಶೂರೆನ್ಸಿನವರು ಎರಡೂ ಕೀ ತಂದುಕೊಡಿ ಅನ್ನುತ್ತಾರೆ. ನಮ್ಮ ಸಂಬಂಧಿಕರೊಬ್ಬರ ಕ್ಲೇಮ್ ಇದೇ ಕಾರಣಕ್ಕೆ ತುಂಬಾ ದಿನ ಎಳೆಯಿತು. ಕ್ಲೋನ್ ಕೀ ತೋರಿಸಿದರೆ ಒಪ್ಪುತ್ತಾರಾ? ಅಥವಾ ಹೊಸದಾಗಿ ಕಲಿಸಿದ ಕೀ?

ಅಮ್ಮತ್ತಿ ಎಲೆಕ್ಟ್ರಿಷಿಯನ್

ಕೀ ಕೀನೇ ಸಾರ್. ಗಾಡಿ ಸ್ಟಾರ್ಟ್ ಆಗುತ್ತೆ ಅಲ್ವಾ.

ಗೋಣಿಕೊಪ್ಪ ಮೇಷ್ಟ್ರು

ಗಾಡಿ ಕಳುವಾದ ಮೇಲೆ ಸ್ಟಾರ್ಟ್ ಮಾಡಿ ತೋರಿಸುವುದು ಎಲ್ಲಿಂದ?

ಕುಶಾಲನಗರ ಕೀ ಕೆಲಸ

ಮೇಷ್ಟ್ರೇ, ನಿಮ್ಮ ಮಾತು ಸರಿ. ಇನ್ಶೂರೆನ್ಸ್ ನನ್ನ ಕೆಲಸ ಅಲ್ಲ, ಅವರ ಪರವಾಗಿ ನಾನು ಮಾತು ಕೊಡಲಾರೆ. ನನ್ನ ಗಿರಾಕಿಗಳಿಗೆ ಹೇಳುವುದು ಇಷ್ಟು. ಕೀ ಕಳೆದಿದೆ ಅಂತ ಗೊತ್ತಾದ ದಿನವೇ ಪೊಲೀಸ್ ಠಾಣೆಯಲ್ಲಿ ಒಂದು ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಹೊಸ ಕೀ ಮಾಡಿಸಿದ ಬಿಲ್ಲಿನಲ್ಲಿ ಗಾಡಿ ನಂಬರ್, ತಾರೀಕು, ಕೊನೆಗೆ ಪಟ್ಟಿಯಲ್ಲಿ ಎಷ್ಟು ಕೀ ಇತ್ತು ಅನ್ನುವುದನ್ನು ಬರೆಸಿಕೊಳ್ಳಿ. ಪಾಲಿಸಿ ಕೊಟ್ಟವರಿಗೂ ಒಂದು ಪತ್ರ ಹಾಕಿ. ಆಮೇಲೆ ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು.

ಗೋಣಿಕೊಪ್ಪ ಮೇಷ್ಟ್ರು

ಅವರಿಗೆ ಬಿಟ್ಟದ್ದು ಅನ್ನುವುದೇ ನನ್ನ ಚಿಂತೆ. ಯಾರಾದರೂ ಕ್ಲೇಮ್ ಮಾಡಿದವರು ಇದ್ದರೆ ಬರೆಯಿರಿ.

ಸುಂಟಿಕೊಪ್ಪ ಅಕ್ಕ

ನಾನು ಬ್ಯಾಟರಿ ಅಂದಿದ್ದಕ್ಕೆ ಎಲ್ಲರೂ ನಗಬೇಡಿ. ನಮ್ಮದು ಬಟನ್ ಒತ್ತಿ ಸ್ಟಾರ್ಟ್ ಮಾಡುವ ಗಾಡಿ. ಬ್ಯಾಟರಿ ಹೋದಾಗ ನಿಜವಾಗಿ ಸ್ಟಾರ್ಟ್ ಆಗಲಿಲ್ಲ. ಆಮೇಲೆ ಯಾರೋ ಹೇಳಿದರು ಅಂತ ರಿಮೋಟನ್ನೇ ಬಟನ್ನಿಗೆ ಒತ್ತಿ ಹಿಡಿದೆ, ಸ್ಟಾರ್ಟ್ ಆಯಿತು. ಹಾಗಾದರೆ ಅದು ಹೇಗೆ?

ಕುಶಾಲನಗರ ಕೀ ಕೆಲಸ

ಅಕ್ಕಾ, ಯಾರೂ ನಗಲಿಲ್ಲ. ನಿಮ್ಮ ಗಾಡಿಯ ಮಟ್ಟಿಗೆ ನೀವು ಹೇಳಿದ್ದು ಸರಿ. ಬಟನ್ ಗಾಡಿಯಲ್ಲಿ ಕೀ ಜೇಬಿನಲ್ಲೇ ಇರುತ್ತದಲ್ಲ, ಅಷ್ಟು ದೂರದಿಂದ ಉತ್ತರ ಕೊಡಲು ಬ್ಯಾಟರಿ ಬೇಕು. ಅದು ಸತ್ತಾಗ ಉಪಾಯ ಅಂತ ಒಳಗೆ ಈ ಬ್ಯಾಟರಿ ಬೇಡದ ಚಿಪ್ ಕೂಡ ಇಟ್ಟಿರುತ್ತಾರೆ. ನೀವು ಬಟನ್ನಿಗೆ ಒತ್ತಿ ಹಿಡಿದಾಗ ಆ ಚಿಪ್ ಸುರುಳಿಯ ಹತ್ತಿರ ಬಂತು, ಗುರುತು ಸಿಕ್ಕಿತು. ತೋಟದವರ ಗಾಡಿಯಲ್ಲಿ ಕೀ ಯಾವಾಗಲೂ ಸುರುಳಿಯ ಮಧ್ಯದಲ್ಲೇ ಇರುತ್ತದೆ, ಅಷ್ಟೇ ವ್ಯತ್ಯಾಸ.

ನಾಪೋಕ್ಲು ತೋಟದವ

ಕೆಲಸ ಆಯಿತು. ನಡೆದದ್ದನ್ನು ಬರೆಯುತ್ತೇನೆ, ಬೇರೆಯವರಿಗೂ ಉಪಯೋಗ ಆಗಲಿ.

ಕೀ ನಂಬರ್ ಬಿಲ್ಲೆ ಹಳೇ ಮಾಲೀಕರ ಫೈಲಿನಲ್ಲೇ ಇತ್ತು. ಅವರು ಫೋಟೋ ಕಳಿಸಿದರು. ಪಿನ್ನಿಗೆ ಆರ್‌ಸಿ, ಆಧಾರ್ ಕೊಟ್ಟು ಅರ್ಜಿ ಹಾಕಿದ್ದೆ. ಅದು ಬಂದ ಮೇಲೆ ಕುಶಾಲನಗರಕ್ಕೆ ಹೋದೆ. ರಿಮೋಟ್ ಇಲ್ಲದ ಸಾದಾ ಚಿಪ್ ಕೀ ಸಾಕು ಅಂದೆ. ಇವರು ಮೊದಲು ಬ್ಲೇಡ್ ಕೊರೆದು ಬಾಗಿಲು, ಡಿಕ್ಕಿ, ಇಗ್ನಿಷನ್ ಮೂರನ್ನೂ ತಿರುಗಿಸಿ ನೋಡಿದರು. ಬೀಗ ಬಿಗಿಯಾಗಿದ್ದರೆ ಕಲಿಸುವಾಗ ಕೀ ಅರ್ಧ ತಿರುಗಿ ಕೆಲಸ ಕೆಡುತ್ತದಂತೆ.

ಆಮೇಲೆ ಗಾಡಿಯ ಬ್ಯಾಟರಿ ವೋಲ್ಟೇಜ್ ನೋಡಿ ಚಾರ್ಜರ್ ಸಿಕ್ಕಿಸಿದರು. ಇಗ್ನಿಷನ್ ಆನ್ ಇಟ್ಟು ಮಾಡುವ ಕೆಲಸ, ಮಧ್ಯದಲ್ಲಿ ಬ್ಯಾಟರಿ ಇಳಿಯಬಾರದು ಅಂತ. ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದರು. ನನಗೆ ಆಶ್ಚರ್ಯ ಆಗಿದ್ದು ಇಲ್ಲಿ. ಪರದೆಯಲ್ಲಿ ಕಲಿತ ಕೀ ಎರಡು ಅಂತ ಬಂತು. ನನ್ನ ಕೈಯಲ್ಲಿ ಇದ್ದದ್ದು ಒಂದು. ಅಂದರೆ ಆ ಕಳೆದುಹೋದ ಕೀ ಅವತ್ತಿನವರೆಗೂ ನನ್ನ ಗಾಡಿಯನ್ನು ಸ್ಟಾರ್ಟ್ ಮಾಡುತ್ತಿತ್ತು!

ಹಳೇ ಕೀ ಹಾಕಿ ಆನ್ ಮಾಡಿ, ಪಿನ್ ಒತ್ತಿದರು. ಮೊದಲ ಕೀ ಕಲಿತಾಯಿತು ಅಂತ ಬಂತು. ಮುಂದಿನ ಕೀ ಇದೆಯಾ ಅಂತ ಕೇಳಿತು. ಹಳೆಯದು ತೆಗೆದು ಹೊಸದು ಹಾಕಿದರು. ನಾನು ಹಳೇ ಕೀಯನ್ನು ಅಲ್ಲೇ ಬೀಗದ ಪಕ್ಕ ಹಿಡಿದುಕೊಂಡಿದ್ದೆ. ದೂರ ಇಡಿ ಅಂದರು. ಎರಡು ಚಿಪ್ ಸುರುಳಿಯ ಹತ್ತಿರ ಬಂದರೆ ಒಂದರ ಮೇಲೊಂದು ಮಾತಾಡಿ ಯಾವುದೂ ಸರಿಯಾಗಿ ಕೇಳುವುದಿಲ್ಲವಂತೆ. ಎರಡನೆಯದೂ ಆಯಿತು. ಇನ್ನು ಕೀ ಇಲ್ಲ ಅಂತ ಒತ್ತಿ ಹೊರಗೆ ಬಂದರು.

ಮತ್ತೆ ನೋಡಿದಾಗ ಪರದೆಯಲ್ಲಿ ಎರಡು ಅಂತಲೇ ಇತ್ತು. ಆದರೆ ಈಗ ಆ ಎರಡೂ ನನ್ನ ಕೈಯಲ್ಲಿವೆ. ಎರಡರಲ್ಲೂ ಬೇರೆ ಬೇರೆಯಾಗಿ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಓಡಲು ಬಿಟ್ಟೆವು. ಕಲಿಸುವ ಕೆಲಸ ಕೆಲವು ನಿಮಿಷದ್ದು. ಕಾದದ್ದು ಪಿನ್ನಿಗೆ.

ಟರ್ಬೊ ಹುಡುಗ

ಗುಜರಿ ಕೀ ಹಾಕಿ ನೋಡಿದ್ರಾ?

ನಾಪೋಕ್ಲು ತೋಟದವ

ತಗೊಂಡು ಹೋಗಿದ್ದೆ. ಇವರು ಸಣ್ಣ ಯಂತ್ರದಲ್ಲಿ ಇಟ್ಟು ಚಿಪ್ ಓದಿದರು. ಬೀಗ ಬಿದ್ದಿದೆ ಅಂತ ತೋರಿಸಿತು. ಗಾಡಿಗೆ ಹಾಕಲು ಒಪ್ಪಲಿಲ್ಲ.

ಕುಶಾಲನಗರ ಕೀ ಕೆಲಸ

ಹಾಕಿದರೂ ಕೋಡ್ ಬಿದ್ದು ನಿಲ್ಲುತ್ತಿತ್ತು. ಕೆಲಸದ ಮಧ್ಯದಲ್ಲಿ ಅದು ಬೇಡ ಅಂದೆ. ಆ ಕೀ ಎಸೆಯಬೇಡಿ. ಕವಚ ಒಳ್ಳೆಯದಿದೆ. ನಿಮ್ಮ ಹಳೇ ಕೀಯ ಕವಚ ಸವೆದಿದೆ, ಬಟನ್ ರಬ್ಬರ್ ಹರಿದಿದೆ. ಒಳಗೆ ಚಿಪ್ ಬೇರೆಯಾಗಿ ಕೂತಿದ್ದರೆ ಅದನ್ನೂ ಬೋರ್ಡನ್ನೂ ಈ ಕವಚಕ್ಕೆ ದಾಟಿಸಬಹುದು. ಮನೆಯಲ್ಲಿ ಬಿಚ್ಚುವುದಾದರೆ ಹುಷಾರು. ಚಿಪ್ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಕಪ್ಪು ಬಣ್ಣ. ಎಷ್ಟೋ ಜನ ಅದನ್ನು ಹಳೇ ಕವಚದೊಳಗೇ ಬಿಟ್ಟು ಕಸಕ್ಕೆ ಹಾಕಿ, ಕವಚ ಬದಲಾಯಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಅಂತ ಫೋನ್ ಮಾಡುತ್ತಾರೆ.

ಅಮ್ಮತ್ತಿ ಎಲೆಕ್ಟ್ರಿಷಿಯನ್

ಅದು ಮಾತ್ರ ನೂರಕ್ಕೆ ನೂರು ನಿಜ. ನನಗೂ ಬರುತ್ತದೆ ಅಂತಹ ಫೋನ್.

ಆದರೂ ಹೇಳುತ್ತೇನೆ, ಕ್ಲೋನ್ ಮಾಡಿಸಿದ್ದರೆ ಇವರು ಪಿನ್ನಿಗೆ ಕಾಯಬೇಕಿರಲಿಲ್ಲ.

ಕುಶಾಲನಗರ ಕೀ ಕೆಲಸ

ಕಾಯದೇ ಇದ್ದಿದ್ದರೆ ಆ ಮೂರನೇ ಕೀ ಇನ್ನೂ ಜೀವಂತ ಇರುತ್ತಿತ್ತು ಅಣ್ಣಾ.

ಅಮ್ಮತ್ತಿ ಎಲೆಕ್ಟ್ರಿಷಿಯನ್

ಆ ಕೀ ಇಟ್ಟುಕೊಂಡವನು ನಾಪೋಕ್ಲು ತನಕ ಹುಡುಕಿಕೊಂಡು ಬರಬೇಕಲ್ಲ. ಇರಲಿ, ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ.

ಗೋಣಿಕೊಪ್ಪ ಮೇಷ್ಟ್ರು

ತೋಟದವರೇ, ಬಿಲ್ಲಿನಲ್ಲಿ ಕೀ ಸಂಖ್ಯೆ ಬರೆಸಿಕೊಂಡಿರಾ? ಆ ಕಳೆದ ಕೀ ಈಗಲೂ ಬಾಗಿಲು ತೆಗೆಯುತ್ತದಲ್ಲ, ಅದಕ್ಕೇನು ಮಾಡುವುದು?

ನಾಪೋಕ್ಲು ತೋಟದವ

ಬರೆಸಿದೆ ಸಾರ್, ಚಾಸಿ ನಂಬರ್ ಕೊನೆಯ ಅಂಕಿಗಳ ಜೊತೆ. ಬಾಗಿಲಿನ ಬೀಗ ಬದಲಾಯಿಸುವ ಖರ್ಚು ಕೇಳಿ ಸದ್ಯಕ್ಕೆ ಬಿಟ್ಟೆ. ಗಾಡಿಯಲ್ಲಿ ಬೆಲೆಬಾಳುವ ಸಾಮಾನು ಇಡುವುದಿಲ್ಲ. ಒಳಗಿರುವುದು ಒಂದು ಕೊಡೆ, ಒಂದು ಕತ್ತಿ.

ಹಳೇ ಜೀಪು

ಕತ್ತಿ ತೆಗೆದಿಡು. ಕಾರಿಗಿಂತ ಮೊದಲು ಅದನ್ನೇ ಎತ್ತುತ್ತಾರೆ.

ಸುಂಟಿಕೊಪ್ಪ ಅಕ್ಕ

ನಮ್ಮ ಬಟನ್ ಗಾಡಿಗೂ ಒಂದೇ ರಿಮೋಟ್ ಇರುವುದು. ಅದಕ್ಕೂ ಇದೇ ತರಹ ಪಿನ್, ಪಟ್ಟಿ ಎಲ್ಲ ಇದೆಯಾ? ಬೇರೆ ಕಂಪನಿ ಗಾಡಿ.

ಕುಶಾಲನಗರ ಕೀ ಕೆಲಸ

ಕಂಪನಿಯಿಂದ ಕಂಪನಿಗೆ, ವರ್ಷದಿಂದ ವರ್ಷಕ್ಕೆ ಬೇರೆ ಅಕ್ಕಾ. ಕೆಲವದರಲ್ಲಿ ಹಳೆಯದು ಹಾಗೇ ಇದ್ದು ಹೊಸದು ಸೇರುತ್ತದೆ, ಕೆಲವದರಲ್ಲಿ ಪಟ್ಟಿಯೇ ಹೊಸದು. ಮಾಡೆಲ್, ವರ್ಷ ಬರೆಯಿರಿ. ರಿಮೋಟಿನ ಹಿಂಭಾಗದ ಫೋಟೋ ಹಾಕಿ, ಆದರೆ ಚಾಸಿ ನಂಬರ್, ಕೀ ನಂಬರ್ ಬಿಲ್ಲೆ ಇಲ್ಲಿ ಹಾಕಬೇಡಿ. ಬಿಲ್ಲೆಯ ಫೋಟೋ ಇದ್ದರೆ ಬ್ಲೇಡ್ ಯಾರು ಬೇಕಾದರೂ ಕೊರೆಯಬಹುದು.

ನಾಪೋಕ್ಲು ತೋಟದವ

ಅಯ್ಯೋ, ಹಳೇ ಮಾಲೀಕರು ಅದನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಈಗಲೇ ಅಳಿಸಲು ಹೇಳುತ್ತೇನೆ.